‘ಮೂರು ವರ್ಷ ಮೇಲ್ಪಟ್ಟವರಿಗೆ’ ಎಂಬ ಮಾತು ಮಗುವಿನ ಬುದ್ಧಿಗಲ್ಲ, ಗಂಟಲಿಗೆ

ಮಳೆಗಾಲದಲ್ಲಿ ನಮ್ಮ ಸಕಲೇಶಪುರ, ಆಲೂರು ಕಡೆಯ ಯಾವ ದವಾಖಾನೆಗೆ ಹೋದರೂ ಕೇಳಿಸುವ ಮೊದಲ ಸದ್ದು ಮಕ್ಕಳ ಕೆಮ್ಮು. ಜೂನ್‌ನಲ್ಲಿ ಶುರುವಾದರೆ ಸೆಪ್ಟೆಂಬರ್‌ವರೆಗೆ ನಿಲ್ಲುವುದಿಲ್ಲ. ಹಾಗಾಗಿ ಹೆತ್ತೂರು ಕಡೆಯ ಒಂದು ತೋಟದ ಮನೆಯಿಂದ ಇಪ್ಪತ್ತು ತಿಂಗಳ ಹೆಣ್ಣುಮಗುವನ್ನು ತಾಯಿ ಎತ್ತಿಕೊಂಡು ಬಂದಾಗ ನಾನೂ ವಿಶೇಷವೇನೂ ಯೋಚಿಸಲಿಲ್ಲ. ನಾಲ್ಕು ದಿನದ ಕೆಮ್ಮು, ಜ್ವರ ಇಲ್ಲ, ಊಟ ಸ್ವಲ್ಪ ಕಡಿಮೆ. ಜೋಶಾಂದಾ ಮತ್ತು ಲಊಖ್ ಸಪಿಸ್ತಾನ್ ಕೊಟ್ಟು, ತಣ್ಣಗಿನದು ಕೊಡಬೇಡಿ ಎಂದು ಹೇಳಿ ಕಳಿಸಿದೆ.

ಹತ್ತು ದಿನದ ಮೇಲೆ ಅದೇ ಮಗು, ಅದೇ ಕೆಮ್ಮು. ಈ ಬಾರಿ ಜೊತೆಗೆ ದಾದಿಯೂ ಬಂದಿದ್ದರು. ಸ್ಟೆತಸ್ಕೋಪ್ ಇಟ್ಟು ನಿಧಾನವಾಗಿ ಕೇಳಿದಾಗ ಎಡಗಡೆ ಉಸಿರಾಟ ಸರಿಯಾಗಿತ್ತು. ಬಲಗಡೆ ಮಾತ್ರ ಗಾಳಿ ಕಡಿಮೆ, ಜೊತೆಗೆ ಸಣ್ಣಗೆ ಸಿಳ್ಳೆಯಂಥ ಸದ್ದು. ಶೀತದ ಕೆಮ್ಮಾದರೆ ಸಾಮಾನ್ಯವಾಗಿ ಎರಡೂ ಕಡೆ ಗೊರಗೊರ ಕೇಳಬೇಕು. ಆಗ ನಾನು ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ: “ಕೆಮ್ಮು ಶುರುವಾದದ್ದು ಹೇಗೆ? ನಿಧಾನವಾಗಿ ಬಂತೋ, ಒಂದೇ ಸಲಕ್ಕೆ ಬಂತೋ?”

ದಾದಿ ನೆನಪಿಸಿಕೊಂಡರು. “ಒಂದೇ ಸಲಕ್ಕೆ ಡಾಕ್ಟರ್ ಸಾಹೇಬ್ರೇ. ಆಡ್ತಾ ಕೂತಿತ್ತು. ಇದ್ದಕ್ಕಿದ್ದಂತೆ ಕೆಮ್ಮಿ ಕೆಮ್ಮಿ ಮುಖ ಕೆಂಪಾಯ್ತು. ಬೆನ್ನು ತಟ್ಟಿದೆ, ಸರಿಹೋಯ್ತು. ಆಮೇಲೆ ಆಡ್ಕೊಂಡೇ ಇತ್ತಲ್ಲ, ಅದಕ್ಕೆ ಹೇಳ್ಲಿಲ್ಲ.”

ಅಂದೇ ಮಂಗಳೂರಿಗೆ ಕಳಿಸಿದೆ. ಎಕ್ಸ್‌ರೇಯಲ್ಲಿ ವಸ್ತು ಕಾಣಲಿಲ್ಲ. ಪ್ಲಾಸ್ಟಿಕ್ ಸಾಮಾನ್ಯವಾಗಿ ಎಕ್ಸ್‌ರೇಗೆ ಕಾಣುವುದಿಲ್ಲ. ಆದರೆ ಬಲ ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಕೊಂಡು ಉಬ್ಬಿದ್ದು ಕಂಡಿತು. ದುರ್ಬೀನು ಕೊಳವೆ ಇಳಿಸಿ ನೋಡಿದಾಗ ಬಲ ಶ್ವಾಸನಾಳದಿಂದ ಹೊರಬಂದದ್ದು ಜೋಳದ ಕಾಳಿನಷ್ಟು ದೊಡ್ಡ ಕೆಂಪು ಪ್ಲಾಸ್ಟಿಕ್ ಗುಂಡಿ. ಬಕ್ರೀದ್‌ಗೆಂದು ಚಾಚಾ ಬೆಂಗಳೂರಿನಿಂದ ಆನ್‌ಲೈನ್‌ನಲ್ಲಿ ತರಿಸಿ ಕಳಿಸಿದ್ದ ಅಡುಗೆ ಸೆಟ್ಟಿನ ಒಲೆಯ ಗುಂಡಿ ಅದು. ಮಗು ಈಗ ಚೆನ್ನಾಗಿದೆ. ಆದರೆ ಹತ್ತು ದಿನ ಅದು ನನ್ನ ಔಷಧಿ ನೆಕ್ಕುತ್ತಾ ಎದೆಯೊಳಗೆ ಪ್ಲಾಸ್ಟಿಕ್ ಇಟ್ಟುಕೊಂಡಿತ್ತು. ಆ ತಪ್ಪಿನಲ್ಲಿ ನನ್ನದೂ ಪಾಲಿದೆ.

ಇನ್ನೊಂದು ಪಾಲು ಎಲ್ಲಿದೆ ಎಂದು ಹುಡುಕಿದ್ದರಿಂದ ಈ ಲೇಖನ.

ಒಂದು ಆಟಿಕೆ, ಎರಡು ವಯಸ್ಸು

ಮಗು ಮನೆಗೆ ಬಂದ ಮೇಲೆ ಆಟಿಕೆಯ ಡಬ್ಬ ಇದ್ದರೆ ತನ್ನಿ ಎಂದೆ. ಪುಣ್ಯಕ್ಕೆ ಅದು ಒಲೆಗೆ ಹೋಗಿರಲಿಲ್ಲ, ಅಟ್ಟದ ಮೇಲಿತ್ತು. ಆರ್ಡರ್ ಮಾಡಿದ ಪುಟದ ಚಿತ್ರವನ್ನು ಚಾಚಾ ಫೋನಿಗೆ ಕಳಿಸಿದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ.

ಮಾರಾಟದ ಪುಟದ ತಲೆಬರಹದಲ್ಲಿ ದಪ್ಪ ಅಕ್ಷರದಲ್ಲಿ ‘1ರಿಂದ 5 ವರ್ಷದ ಹೆಣ್ಣುಮಕ್ಕಳಿಗೆ’ ಎಂದಿತ್ತು. ಅದೇ ಪುಟವನ್ನು ಬೆರಳಿನಿಂದ ತಳ್ಳುತ್ತಾ ತುಂಬಾ ಕೆಳಗೆ ಹೋದರೆ, ತೂಕ, ಬಣ್ಣ, ತಯಾರಾದ ದೇಶ ಇತ್ಯಾದಿಗಳ ಪಟ್ಟಿಯ ನಡುವೆ ‘ಕನಿಷ್ಠ ವಯಸ್ಸು 36 ತಿಂಗಳು’ ಎಂದಿತ್ತು. ಡಬ್ಬದ ಹಿಂಭಾಗದಲ್ಲಿ ಉಗುರಿನಷ್ಟು ಅಗಲದ ವೃತ್ತ, ಅದರೊಳಗೆ 0-3 ಎಂಬ ಅಂಕಿ, ಒಂದು ಮಗುವಿನ ಮುಖ, ಮೇಲೆ ಅಡ್ಡಗೆರೆ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ, ಮೂರು ವರ್ಷದೊಳಗಿನ ಮಕ್ಕಳಿಗೆ ಸೂಕ್ತವಲ್ಲ, ಸಣ್ಣ ಭಾಗಗಳಿವೆ ಎಂಬ ಸಾಲು.

ನಕಲಿ ಮಾಲಿರಬಹುದು ಎಂದು ಮೊದಲು ಅನುಮಾನಿಸಿದೆ. ಡಬ್ಬದ ಮೇಲೆ ಐಎಸ್‌ಐ ಗುರುತಿತ್ತು. ಅದರ ಕೆಳಗೆ CM/L ಎಂದು ಶುರುವಾಗುವ ಪರವಾನಗಿ ಸಂಖ್ಯೆಯಿತ್ತು. ಸರ್ಕಾರದ ಮಾನಕ ಸಂಸ್ಥೆಯಾದ ಬಿಐಎಸ್‌ನ ‘ಬಿಐಎಸ್ ಕೇರ್’ ಆಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದೆ. ತಯಾರಕರ ಹೆಸರು, ವಿಳಾಸ, ಆಟಿಕೆ ಎಂಬ ವಿವರ ಎಲ್ಲವೂ ಬಂತು. ಪರವಾನಗಿ ಚಾಲ್ತಿಯಲ್ಲಿತ್ತು.

ಅಂದರೆ ಆಟಿಕೆ ಅಸಲಿ, ಗುರುತು ಅಸಲಿ, ಡಬ್ಬದ ಎಚ್ಚರಿಕೆಯೂ ಸರಿ. ತಪ್ಪಿದ್ದು ಮಾರಾಟದ ಪುಟದ ತಲೆಬರಹ ಒಂದೇ. ಆದರೆ ಚಾಚಾ ಹಣ ಕೊಡುವ ಮುಂಚೆ ಓದಿದ್ದು ಆ ತಲೆಬರಹವನ್ನೇ. ಡಬ್ಬದ ಎಚ್ಚರಿಕೆ ಮನೆಗೆ ಬಂದದ್ದು ಹಣ ಕೊಟ್ಟ ನಾಲ್ಕು ದಿನದ ಮೇಲೆ, ಅದೂ ಆ ಮನೆಯಲ್ಲಿ ಯಾರೂ ಓದದ ಭಾಷೆಯಲ್ಲಿ.

ಮೂರು ವರ್ಷ ಎಂದರೆ ಏನು?

ಡಬ್ಬದ ಮೇಲಿನ ವಯಸ್ಸನ್ನು ನಮ್ಮ ಮನೆಗಳಲ್ಲಿ ಬೇರೆಯೇ ರೀತಿ ಓದುತ್ತೇವೆ. ಅದನ್ನು ಶಾಲೆಯ ತರಗತಿಯಂತೆ ತಿಳಿಯುತ್ತೇವೆ. “ನಮ್ಮ ಹುಡುಗ ಚುರುಕು, ಎರಡಕ್ಕೇ ಮೂರರ ಸಾಮಾನಿನಲ್ಲಿ ಆಡ್ತಾನೆ” ಎಂದು ಅಜ್ಜಂದಿರು ಹೆಮ್ಮೆಯಿಂದ ಹೇಳುವುದನ್ನು ನಾನು ಕೇಳಿದ್ದೇನೆ. ಬೇರೆ ವಯಸ್ಸುಗಳ ಮಟ್ಟಿಗೆ ಅದು ಅಷ್ಟಿಷ್ಟು ನಿಜವಿರಬಹುದು. ಆದರೆ ಮೂರು ಎಂಬ ಗೆರೆ ಮಗುವಿನ ಬುದ್ಧಿಯನ್ನು ನೋಡಿ ಎಳೆದದ್ದಲ್ಲ, ಗಂಟಲನ್ನು ನೋಡಿ ಎಳೆದದ್ದು.

ಆ ವಯಸ್ಸಿನವರೆಗೆ ಮಗು ಲೋಕವನ್ನು ಬಾಯಿಯಿಂದ ತಿಳಿಯುತ್ತದೆ. ಹಿಂದಿನ ದವಡೆ ಹಲ್ಲುಗಳು ಪೂರ್ತಿ ಬಂದಿರುವುದಿಲ್ಲ. ಶ್ವಾಸನಾಳದ ದಪ್ಪ ಹೆಚ್ಚುಕಡಿಮೆ ಅದರದೇ ಕಿರುಬೆರಳಿನಷ್ಟು. ಕೆಮ್ಮಿ ಹೊರಹಾಕುವ ಬಲವೂ ಕಡಿಮೆ. ಚುರುಕಾದ ಮಗುವಿನ ಶ್ವಾಸನಾಳ ದಡ್ಡ ಮಗುವಿನದಕ್ಕಿಂತ ಅಗಲವಾಗಿರುವುದಿಲ್ಲ. ಚುರುಕು ಮಗುವಿಗೇ ಒಂದು ಹೆಚ್ಚಿನ ಅಪಾಯವಿದೆ: ಗುಂಡಿಯನ್ನು ಕೀಳುವುದು ಹೇಗೆಂದು ಅದು ಬೇಗ ಕಂಡುಹಿಡಿಯುತ್ತದೆ.

ಇದಕ್ಕೆ ಪ್ರಯೋಗಾಲಯದಲ್ಲಿ ಒಂದು ಅಳತೆಯಿದೆ. ಆಟಿಕೆಗಳ ಭಾರತೀಯ ಮಾನಕ ಐಎಸ್ 9873. ಇದರ ಮೊದಲ ಭಾಗ ಅಂತರರಾಷ್ಟ್ರೀಯ ಮಾನಕವನ್ನು ಅನುಸರಿಸಿದ್ದು. ಅದರಂತೆ ಒಂದು ಪುಟ್ಟ ಲೋಹದ ಕೊಳವೆಯನ್ನು ಬಳಸುತ್ತಾರೆ. ಒಳಗಿನ ಅಗಲ 31.7 ಮಿಲಿಮೀಟರ್. ತಳ ಓರೆಯಾಗಿರುವುದರಿಂದ ಆಳ ಒಂದು ಬದಿ 25.4 ಮಿಲಿಮೀಟರ್, ಇನ್ನೊಂದು ಬದಿ 57.1 ಮಿಲಿಮೀಟರ್. ಆಟಿಕೆಯಾಗಲಿ, ಅದರ ಬಿಡಿಭಾಗವಾಗಲಿ ಒತ್ತದೆ ಬಿಟ್ಟಾಗ ಪೂರ್ತಿಯಾಗಿ ಆ ಕೊಳವೆಯೊಳಗೆ ಕೂತುಬಿಟ್ಟರೆ ಅದು ‘ಸಣ್ಣ ಭಾಗ’. ಮೂರು ವರ್ಷದೊಳಗಿನವರ ಆಟಿಕೆಯಲ್ಲಿ ಅಂಥ ಭಾಗ ಇರುವಂತಿಲ್ಲ. ಹೊಸದಾಗಿದ್ದಾಗ ಇಲ್ಲದಿದ್ದರೆ ಸಾಲದು. ಆಟಿಕೆಯನ್ನು ಬೀಳಿಸಿ, ತಿರುಚಿ, ಎಳೆದು ನೋಡುತ್ತಾರೆ. ಆಗಲೂ ಅಂಥ ಚೂರು ಕಳಚಿ ಬರಬಾರದು. ಮೂರರಿಂದ ಆರು ವರ್ಷದವರ ಆಟಿಕೆಯಲ್ಲಿ ಸಣ್ಣ ಭಾಗ ಇರಬಹುದು, ಆದರೆ ಎಚ್ಚರಿಕೆಯ ಮಾತು ಇರಲೇಬೇಕು.

ಇಲ್ಲೇ ಬಹಳ ಜನ ಎಡವುವುದು. ಐಎಸ್‌ಐ ಗುರುತು ಇದ್ದರೆ ಯಾವ ಮಗುವಿಗೂ ಕೊಡಬಹುದು ಎಂದುಕೊಳ್ಳುತ್ತಾರೆ. ಆ ಗುರುತು ಆಟಿಕೆಯನ್ನು ಅದರ ಮೇಲೆ ಬರೆದ ವಯಸ್ಸಿಗೆ ತಕ್ಕಂತೆ ಪರೀಕ್ಷಿಸಿದೆ ಎಂದು ಮಾತ್ರ ಹೇಳುತ್ತದೆ. ಮೂರರ ಮೇಲಿನವರಿಗೆಂದು ಬರೆದ ಅಡುಗೆ ಸೆಟ್ಟಿನಲ್ಲಿ ಸಣ್ಣ ಗುಂಡಿ ಇರುವುದು ತಪ್ಪೇ ಅಲ್ಲ. ಅದನ್ನು ಒಂದೂವರೆ ವರ್ಷದ ಮಗುವಿನ ಕೈಗೆ ಕೊಟ್ಟ ಕ್ಷಣವೇ ಆ ಪರೀಕ್ಷೆ ಕೊಟ್ಟ ರಕ್ಷಣೆ ಮುಗಿಯುತ್ತದೆ. ಆದ್ದರಿಂದ ವಯಸ್ಸಿನ ಅಂಕಿ ಗುರುತಿನಷ್ಟೇ ಮುಖ್ಯ. ಮಾರಾಟದ ಪುಟದಲ್ಲಿ ಆ ಅಂಕಿಯನ್ನು ತಿದ್ದಿದವನು ಐಎಸ್‌ಐ ಗುರುತನ್ನೇ ಅಳಿಸಿದಂತೆ.

ಎಚ್ಚರಿಕೆಯೇ ನಂಬಿಕೆಗೆ ಅರ್ಹವಲ್ಲದಾಗ

ತಪ್ಪು ಇನ್ನೊಂದು ದಿಕ್ಕಿನಿಂದಲೂ ಆಗುತ್ತದೆ. ಗಿಲಕಿ, ಹಲ್ಲು ಬರುವಾಗ ಕಚ್ಚುವ ಸಾಮಾನು, ತಬ್ಬಿಕೊಳ್ಳುವ ಮೆತ್ತನೆಯ ಗೊಂಬೆ, ಒಂದರ ಮೇಲೊಂದು ಜೋಡಿಸುವ ಬಳೆಗಳು. ಇವು ಕೂಸುಗಳಿಗೇ ಮಾಡಿದವು ಎಂದು ಯಾರಿಗಾದರೂ ಗೊತ್ತು. ಇಂಥದ್ದರ ಮೇಲೂ ‘ಮೂರು ವರ್ಷದೊಳಗಿನವರಿಗಲ್ಲ’ ಎಂಬ ಚೀಟಿ ಅಂಟಿಸುವವರಿದ್ದಾರೆ. ಸಣ್ಣ ಭಾಗದ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲು ಅದು ಸುಲಭದ ದಾರಿ ಎಂಬ ಲೆಕ್ಕ.

ಮಾನಕ ಇದನ್ನು ಒಪ್ಪುವುದಿಲ್ಲ. ಆಟಿಕೆ ಯಾವ ವಯಸ್ಸಿನ ಮಗುವಿಗೆ ಸಹಜವಾಗಿ ಹೊಂದುತ್ತದೋ ಆ ವಯಸ್ಸಿನ ಪರೀಕ್ಷೆಯೇ ಅದಕ್ಕೆ ಆಗಬೇಕು. ಯುರೋಪಿನ 2009ರ ಆಟಿಕೆ ಸುರಕ್ಷತಾ ನಿರ್ದೇಶನದಲ್ಲಿ, ಆಟಿಕೆಯ ಬಳಕೆಗೆ ವಿರುದ್ಧವಾದ ಎಚ್ಚರಿಕೆಯನ್ನು ಅಂಟಿಸಬಾರದು ಎಂದು ನೇರವಾಗಿ ಹೇಳಿದೆ.

ಇದರ ಹಾನಿ ದೂರದ್ದು. ಗಿಲಕಿಯ ಮೇಲೂ ಮೂರು ವರ್ಷ, ಮೆತ್ತನೆಯ ಮೊಲದ ಮೇಲೂ ಮೂರು ವರ್ಷ ಎಂದು ಓದಿದ ತಾಯಿ ಕೊನೆಗೆ “ಎಲ್ಲದರ ಮೇಲೂ ಹೀಗೇ ಹಾಕಿರ್ತಾರೆ” ಎಂದು ತೀರ್ಮಾನಿಸುತ್ತಾಳೆ. ಆಮೇಲೆ ಅಡುಗೆ ಸೆಟ್ಟಿನ ನಿಜವಾದ ಎಚ್ಚರಿಕೆಯೂ ಅವಳಿಗೆ ಕಾಣುವುದಿಲ್ಲ. ಗಿಲಕಿಯ ಮೇಲೆ ಅಂಥ ಚೀಟಿ ಕಂಡರೆ ನನ್ನ ಸಲಹೆ ಒಂದೇ: ಕೊಳ್ಳಬೇಡಿ. ಕೂಸಿನ ಸಾಮಾನನ್ನು ಕೂಸಿಗಲ್ಲ ಎಂದು ಬರೆದವನು ಅದನ್ನು ಕೂಸಿಗಾಗಿ ಪರೀಕ್ಷಿಸಿರುವ ಸಂಭವ ಕಡಿಮೆ.

ಕಾನೂನು ಎಲ್ಲಿಯವರೆಗೆ ಬಂದಿದೆ?

ನಮ್ಮ ದೇಶದಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2020ರಲ್ಲಿ ಬಂದು, 2021ರ ಜನವರಿ 1ರಿಂದ ಜಾರಿಯಾಯಿತು. 14 ವರ್ಷದೊಳಗಿನವರ ಆಟಕ್ಕೆಂದು ಮಾಡಿದ ಸಾಮಾನಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. 2023ರ ಜನವರಿಯಲ್ಲಿ ಗುರುತಿಲ್ಲದ ಆಟಿಕೆಗಳ ವಿಚಾರವಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದೊಡ್ಡ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ನೋಟಿಸ್ ಕೊಟ್ಟಿತು. ಬಿಐಎಸ್ ಅಧಿಕಾರಿಗಳು ದೊಡ್ಡ ಅಂಗಡಿಗಳ ಮೇಲೂ ದಾಳಿ ಮಾಡಿದರು. ಇದೆಲ್ಲ ಒಳ್ಳೆಯದೇ. ಆದರೆ ಇದು ಗುರುತಿನ ಕಾವಲು. ಪುಟದ ಮೇಲಿನ ವಯಸ್ಸಿನ ಮಾತಿಗೆ ಅಷ್ಟು ಬಿಗಿಯಾದ ಕಾವಲಿಲ್ಲ.

ಅಮೆರಿಕದಲ್ಲಿ 2008ರ ಕಾನೂನಿನ ಪ್ರಕಾರ, ಇಂಟರ್‌ನೆಟ್‌ನಲ್ಲಿ ಅಲ್ಲೇ ಕೊಳ್ಳುವಂತೆ ಜಾಹೀರಾತು ಕೊಟ್ಟರೆ ಡಬ್ಬದ ಮೇಲಿನ ಸಣ್ಣ ಭಾಗಗಳ ಎಚ್ಚರಿಕೆಯನ್ನು ಆ ಜಾಹೀರಾತಿನಲ್ಲೂ ತೋರಿಸಬೇಕು. ಯುರೋಪಿನಲ್ಲಿ ವಯಸ್ಸಿನಂಥ, ಕೊಳ್ಳುವ ನಿರ್ಧಾರವನ್ನೇ ಬದಲಿಸುವ ಎಚ್ಚರಿಕೆ ಕೊಳ್ಳುವ ಮುಂಚೆ ಸ್ಪಷ್ಟವಾಗಿ ಕಾಣಬೇಕು, ಆನ್‌ಲೈನ್ ಆದರೂ ಸರಿ. ತರ್ಕ ಸರಳ. ಅಂಗಡಿಯಲ್ಲಾದರೆ ಡಬ್ಬವನ್ನು ತಿರುಗಿಸಿ ನೋಡಬಹುದು. ಫೋನಿನಲ್ಲಿ ತಿರುಗಿಸಲು ಡಬ್ಬವೇ ಇಲ್ಲ.

ನಮ್ಮಲ್ಲಿ ಇರುವುದನ್ನೂ ಮರೆಯಬಾರದು. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಕೊಳ್ಳುವವನು ತಿಳಿದು ನಿರ್ಧರಿಸಲು ಬೇಕಾದ ವಿವರವನ್ನು ಮಾರುವವನು ಮೊದಲೇ ಕೊಡಬೇಕು. ಜಾಹೀರಾತು ಮಾಡಿದ ಗುಣ ವಸ್ತುವಿಗಿಲ್ಲದಿದ್ದರೆ ಅದನ್ನು ಹಿಂದೆ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ಪುಟದಲ್ಲಿ ಒಂದು ವರ್ಷ, ಡಬ್ಬದಲ್ಲಿ ಮೂರು ವರ್ಷ ಎಂದಿದ್ದರೆ ಅದು ಹಿಂದಿರುಗಿಸಲು ಸಾಕಷ್ಟು ಕಾರಣ ಎಂಬುದು ನನ್ನ ಅಭಿಪ್ರಾಯ. ಡಬ್ಬ ಮತ್ತು ಪುಟ ಎರಡರ ಫೋಟೋ ತೆಗೆದಿಟ್ಟುಕೊಂಡು ಕೇಳಿ. ಒಪ್ಪದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ.

ನನ್ನ ಬೇಡಿಕೆ ದೊಡ್ಡದಲ್ಲ. ತಲೆಬರಹದ ವಯಸ್ಸು ಡಬ್ಬದ ವಯಸ್ಸೇ ಆಗಿರಲಿ. ಸಣ್ಣ ಭಾಗದ ಎಚ್ಚರಿಕೆ ಬೆಲೆಯ ಪಕ್ಕದಲ್ಲೇ, ಕೊಳ್ಳುವವರ ಭಾಷೆಯಲ್ಲಿ ಇರಲಿ. ಡಬ್ಬದ ಹಿಂಭಾಗದ ಓದಬಲ್ಲ ಫೋಟೋ ಒಂದಿರಲಿ. ಈ ಮೂರೂ ಇದ್ದಿದ್ದರೆ ಆ ಚಾಚಾ, ಮೂರು ವರ್ಷ ತುಂಬದ ಭತೀಜಿಗೆ ಆ ಸೆಟ್ಟನ್ನು ಕಳಿಸುತ್ತಿರಲಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡುವುದು?

ಪುಟದಲ್ಲಿ ಬೇರೆ ಬೇರೆ ವಯಸ್ಸು ಕಂಡರೆ ಅವುಗಳಲ್ಲಿ ದೊಡ್ಡದನ್ನೇ ನಂಬಿ. ‘1ರಿಂದ 5’ ಎಂದೂ ‘36 ತಿಂಗಳು’ ಎಂದೂ ಇದ್ದರೆ ಅದು ಮೂರು ವರ್ಷದ ಸಾಮಾನು. ಚಿತ್ರದಲ್ಲಿ ಅಳತೆ ತಿಳಿಯುವುದಿಲ್ಲ, ಆದ್ದರಿಂದ ಎಷ್ಟು ತುಂಡುಗಳಿವೆ ಎಂದು ನೋಡಿ. ಅಂಗೈಯಗಲದ ಡಬ್ಬದಲ್ಲಿ ಮೂವತ್ತು ತುಂಡು ಎಂದರೆ ತುಂಡು ಎಷ್ಟು ಸಣ್ಣದಿರಬೇಕೆಂದು ನೀವೇ ಲೆಕ್ಕ ಹಾಕಬಹುದು. ‘ವಿಷರಹಿತ’, ‘ಮಕ್ಕಳಿಗೆ ನೂರಕ್ಕೆ ನೂರು ಸುರಕ್ಷಿತ’ ಎಂಬಂಥ ಮಾತಿಗೆ ಬೆಲೆ ಕೊಡಬೇಡಿ. ಬಣ್ಣ ವಿಷರಹಿತವಾಗಿದ್ದರೂ ಗುಂಡಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಸಾಮಾನು ಮನೆಗೆ ಬಂದ ಮೇಲೆ ಅಳೆಯಲು ಒಂದು ಕೊಳವೆ ಮಾಡಿಕೊಳ್ಳಿ. ಹಳೆಯ ಮದುವೆ ಕಾರ್ಡಿನಂಥ ದಪ್ಪ ಕಾಗದದಿಂದ 14 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ಉದ್ದದ ಎರಡು ತುದಿಗಳು ಒಂದರ ಮೇಲೊಂದು ಬಾರದೆ ಬರೀ ತಾಗುವಂತೆ ಸುತ್ತಿ ಟೇಪು ಹಚ್ಚಿ. ಒಳಗಿನ ಅಗಲ ಸುಮಾರು 44.5 ಮಿಲಿಮೀಟರ್ ಬರುತ್ತದೆ. ಇದು ಪ್ರಯೋಗಾಲಯದ ಕೊಳವೆಗಿಂತ ದೊಡ್ಡದು. ದೊಡ್ಡದೇ ಇರಲಿ ಎಂದು ಹೇಳಲು ಕಾರಣವಿದೆ. ಚೆಂಡು ದುಂಡಗಿರುವುದರಿಂದ ಗಂಟಲನ್ನು ಪೂರ್ತಿ ಮುಚ್ಚಿಬಿಡುತ್ತದೆ. ಹಾಗಾಗಿ ಚಿಕ್ಕ ಮಕ್ಕಳ ಚೆಂಡಿಗೆ ಮಾನಕದಲ್ಲೂ ಹೆಚ್ಚುಕಡಿಮೆ ಈ ಅಗಲವನ್ನೇ ಇಟ್ಟಿದ್ದಾರೆ. ಈ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವುದೂ, ಇದರ ಮೂಲಕ ಹಾದುಹೋಗುವ ಯಾವ ಚೆಂಡೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಬೇಡ. ಚಕ್ರ, ಕಣ್ಣು, ಗುಂಡಿ, ಮುಚ್ಚಳ ಇವುಗಳನ್ನು ಹಿಡಿದು ಗಟ್ಟಿಯಾಗಿ ತಿರುಚಿ, ಎಳೆದು ನೋಡಿ. ಅಲ್ಲಾಡಿದರೆ ನಾಳೆ ಕಳಚುತ್ತದೆ. ಅಣ್ಣ ಅಕ್ಕಂದಿರ ಸಾಮಾನಿಗೂ ಇದೇ ಪರೀಕ್ಷೆ ಮಾಡಿ. ಕೂಡುಕುಟುಂಬದಲ್ಲಿ ಏಳು ವರ್ಷದವನ ಗೋಲಿ ಒಂದು ವರ್ಷದವಳ ಬಾಯಿಗೆ ಹೋಗಲು ಒಂದು ಚಾಪೆಯಷ್ಟೇ ದೂರ.

ಈ ಕೊಳವೆಗೂ ಮಿತಿಯಿದೆ. ಊದದ ಬಲೂನು, ಒಡೆದ ಬಲೂನಿನ ಚೂರು ಇವಕ್ಕೆ ಅಳತೆಯ ಲೆಕ್ಕವೇ ಇಲ್ಲ, ಎಂಟು ವರ್ಷದವರೆಗೂ ಅಪಾಯ. ಹಾಗೆಯೇ ಚನ್ನಪಟ್ಟಣದ ಮರದ ಗೊಂಬೆಗಳ ಮೇಲೆ ಐಎಸ್‌ಐ ಇಲ್ಲವೆಂದು ಗಾಬರಿಯಾಗಬೇಡಿ. ಅವುಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಅದರಡಿ ನೋಂದಾಯಿತರಾದವರು ಮಾಡಿದ ಆಟಿಕೆಗೆ ಆದೇಶದಿಂದ ವಿನಾಯಿತಿಯಿದೆ. ಆದರೆ ವಿನಾಯಿತಿ ಇರುವುದು ಗುರುತಿಗೆ, ಮಗುವಿನ ಗಂಟಲಿಗಲ್ಲ. ಅವುಗಳನ್ನೂ ಕೊಳವೆಗೆ ಹಾಕಿ ನೋಡಿ.

ಕೊನೆಗೆ ಒಂದು ಮಾತು ಮಳೆಗಾಲದ ಕೆಮ್ಮಿನ ಬಗ್ಗೆ. ಮಗು ಆಡುತ್ತಲೋ ತಿನ್ನುತ್ತಲೋ ಇದ್ದಾಗ ಒಂದೇ ಸಲಕ್ಕೆ ಜೋರಾಗಿ ಕೆಮ್ಮಿ, ಆಮೇಲೆ ಸುಮ್ಮನಾದರೆ, ಅದು ಹೊರಬಂತು ಎಂದೇ ಅರ್ಥವಲ್ಲ. ಒಳಗೆ ಇಳಿದಿರಬಹುದು. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಕಾಣದ ವಸ್ತುವಿಗಾಗಿ ಬೆರಳು ಹಾಕಬೇಡಿ. ಸದ್ದು ನಿಂತು ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿಸುತ್ತಲೇ ಮಗುವನ್ನು ತಲೆ ಕೆಳಮುಖವಾಗಿ ಬಾಗಿಸಿ ಹೆಗಲ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ಹೊಡೆಯಿರಿ. ಬರದಿದ್ದರೆ ಒಂದು ವರ್ಷದೊಳಗಿನ ಕೂಸಿಗೆ ಎದೆಯ ನಡುವೆ ಒಂದು ಅಂಗೈ ಬುಡದಿಂದ ಐದು ಸಲ ಒತ್ತಿ, ದೊಡ್ಡ ಮಗುವಿಗೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲೆ ಒಳಮುಖ, ಮೇಲ್ಮುಖವಾಗಿ ಐದು ಸಲ ಒತ್ತಿ. ಹೀಗೆ ಮತ್ತೆ ಮತ್ತೆ ಮಾಡಿ.

ಮಗುವನ್ನು ಯಾವ ವೈದ್ಯರ ಬಳಿ ಕರೆದೊಯ್ದರೂ, ಅವರು ಕೇಳದಿದ್ದರೂ ನೀವೇ ಹೇಳಿ: “ಕೆಮ್ಮು ಒಂದೇ ಸಲಕ್ಕೆ ಶುರುವಾಯಿತು, ಆಗ ಕೈಯಲ್ಲಿ ಇಂಥ ಸಾಮಾನಿತ್ತು.” ಆ ಸಾಮಾನನ್ನೂ ಅದರ ಡಬ್ಬವನ್ನೂ ಜೊತೆಗೆ ತನ್ನಿ. ನನ್ನ ದವಾಖಾನೆಯಲ್ಲಿ ಈಗ ಕೆಮ್ಮುವ ಪ್ರತಿ ಮಗುವಿನ ಮನೆಯವರನ್ನು ಔಷಧಿಗಿಂತ ಮೊದಲು ನಾನು ಕೇಳುವುದು ಅದನ್ನೇ. ಆ ಕೆಂಪು ಗುಂಡಿ ನನ್ನ ಮೇಜಿನ ಗಾಜಿನ ಕೆಳಗಿದೆ.